ಲಾಭ 63 ಕೋಟಿ, ಕೈಗೆ ಬಂದಿದ್ದು 12 ಕೋಟಿ

ಕಲಬುರಗಿಯ ನೆಹರು ಗಂಜ್‌ನಲ್ಲಿ ಬೇಳೆ ಮಿಲ್ಲು, ಅಡತಿ ಅಂಗಡಿಗಳ ಲೆಕ್ಕ ಬರೆಯುವುದು ನನ್ನ ಕೆಲಸ. ಷೇರು ಇಟ್ಟುಕೊಂಡಿರುವ ಪರಿಚಯದವರು ಆಗಾಗ ಕಂಪನಿಯ ವಾರ್ಷಿಕ ವರದಿ ಕಳಿಸಿ, "ಇದರಾಗ ಏನ್ ಅದ, ಸ್ವಲ್ಪ ನೋಡ್ರಿ" ಅನ್ನುತ್ತಾರೆ. ನಾನು ಅದನ್ನು ಒಂದು ಹಾಳೆಗೆ ಇಳಿಸಿ ಕೊಡುತ್ತೇನೆ. ಕೊಳ್ಳಿ, ಮಾರಿ ಅಂತ ಮಾತ್ರ ಬರೆಯುವುದಿಲ್ಲ. ಹಣ ಪಡೆದು ಹಾಗೆ ಸಲಹೆ ಕೊಡಲು ಸೆಬಿಯ ನೋಂದಣಿ ಬೇಕು, ನನಗೆ ಅದಿಲ್ಲ.

ಈಚೆಗೆ ನಿವೃತ್ತ ಮಾಸ್ತರೊಬ್ಬರಿಗೆ ಮಾಡಿಕೊಟ್ಟ ಹಾಳೆಯ ವಿಷಯ ಹೇಳುತ್ತೇನೆ. ಅವರ ಬಳಿ ಹನಿ ನೀರಾವರಿ ಪೈಪು ಮಾಡುವ ಕಂಪನಿಯೊಂದರ 200 ಷೇರು ಇದ್ದವು. ಹೆಸರು ಬೇಡ. ಅಂಕಿಗಳನ್ನೂ ಓದಲು ಸುಲಭವಾಗಲಿ ಅಂತ ದುಂಡಗೆ ಮಾಡಿದ್ದೇನೆ.

ಸುಮಾರು ಮುನ್ನೂರು ಪುಟದ ವರದಿ. ಮೊದಲ ಅರ್ಧ ಬಣ್ಣದ ಚಿತ್ರ, ಅಧ್ಯಕ್ಷರ ಪತ್ರ, ಪರಿಸರ-ಸಮಾಜದ ವರದಿ. ಅದನ್ನು ನಾನು ಕೊನೆಗೆ ಓದುತ್ತೇನೆ, ಕೆಲವೊಮ್ಮೆ ಓದುವುದೇ ಇಲ್ಲ. ಲೆಕ್ಕದ ಭಾಗ ಎರಡು ಸಲ ಬರುತ್ತದೆ. ಸ್ಟ್ಯಾಂಡಲೋನ್ ಅಂದರೆ ಆ ಕಂಪನಿ ಒಂದರದ್ದೇ ಲೆಕ್ಕ. ಕನ್ಸಾಲಿಡೇಟೆಡ್ ಅಂದರೆ ಅದರ ಅಂಗ ಕಂಪನಿಗಳನ್ನೂ ಸೇರಿಸಿದ ಲೆಕ್ಕ. ನಾನು ಕನ್ಸಾಲಿಡೇಟೆಡ್ ಹಿಡಿದು, ಕೊನೆಯವರೆಗೂ ಅದರಲ್ಲೇ ಇರುತ್ತೇನೆ. ಮಾರಾಟ ಒಂದರಿಂದ, ಸಾಲ ಇನ್ನೊಂದರಿಂದ ತೆಗೆದರೆ ಹಾಳೆ ಅಲ್ಲಿಗೇ ಕೆಟ್ಟಿತು. ಪ್ರತಿ ಪಟ್ಟಿಯ ಮೂಲೆಯಲ್ಲಿ ಲಕ್ಷವೋ, ಕೋಟಿಯೋ, ಮಿಲಿಯನ್ನೋ ಅಂತ ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ. ಅದನ್ನೂ ಹಾಳೆಯ ತಲೆಯಲ್ಲೇ ಬರೆದುಕೊಳ್ಳುತ್ತೇನೆ.

ಅಧ್ಯಕ್ಷರ ಪತ್ರದಲ್ಲಿ ದೊಡ್ಡದಾಗಿ ಹಾಕಿದ್ದು ಎರಡು ಅಂಕಿ. ಮಾರಾಟ 700 ಕೋಟಿಯಿಂದ 840 ಕೋಟಿಗೆ, ನಿವ್ವಳ ಲಾಭ 50 ಕೋಟಿಯಿಂದ 63 ಕೋಟಿಗೆ ಏರಿದೆ. ಎರಡೂ ನಿಜ. ಮಾಸ್ತರಿಗೂ ಅಷ್ಟು ಗೊತ್ತಿತ್ತು. "ಲಾಭ ಛಲೋ ಬಂದದಲ್ಲ ತಮ್ಮಾ, ಮತ್ತ ಡಿವಿಡೆಂಡ್ ಯಾಕ ಏರಿಸಿಲ್ಲ?" ಅಂತ ಕೇಳಿದರು. ಈ ಪ್ರಶ್ನೆಗೆ ಉತ್ತರ ಸಿಕ್ಕರೆ ಹಾಳೆ ಮುಗಿದಂತೆಯೇ.

ಲಾಭದ ಪಟ್ಟಿಯಲ್ಲಿ ನಾನು ಮೊದಲು ನೋಡುವುದು 'ಇತರೆ ಆದಾಯ' ಎಂಬ ಸಾಲು. ಅದು ಹೋದ ವರ್ಷಕ್ಕಿಂತ ಒಮ್ಮೆಲೇ ಜಾಸ್ತಿಯಾಗಿತ್ತು. ಆ ಸಾಲಿನ ಪಕ್ಕದ ನೋಟ್ ಸಂಖ್ಯೆ ಹಿಡಿದು ಹಿಂದೆ ಹೋದರೆ, ಹಳೇ ಜಾಗ ಮಾರಿದ ಲಾಭ 16 ಕೋಟಿ ಅದರಲ್ಲಿ ಸೇರಿತ್ತು. ತೆರಿಗೆಗೆ ಮುಂಚಿನ ಲಾಭ 84 ಕೋಟಿ. ಜಾಗದ್ದು ಕಳೆದರೆ 68. ಹೋದ ವರ್ಷ ಅದು 66.5 ಇತ್ತು. ಅಂದರೆ ಪೈಪಿನ ವ್ಯಾಪಾರದಲ್ಲಿ ಲಾಭ ಏರಿದ್ದು ಶೇ. 2ಕ್ಕೆ ಸ್ವಲ್ಪ ಮೇಲೆ ಅಷ್ಟೇ. ಅದೂ ಮಾರಾಟ ಶೇ. 20 ಏರಿದಾಗ! ಜಾಗ ಮಾರಿದ್ದು ತಪ್ಪೇನಲ್ಲ. ಆದರೆ ಅದನ್ನು ಪ್ರತಿ ವರ್ಷ ಮಾರಲು ಆಗುವುದಿಲ್ಲವಲ್ಲ.

ಆಮೇಲೆ ಕ್ಯಾಶ್ ಫ್ಲೋ ಪಟ್ಟಿಗೆ ಹೋದೆ. ನನ್ನ ಹೆಚ್ಚಿನ ಹೊತ್ತು ಇಲ್ಲೇ ಹೋಗುತ್ತದೆ. ವ್ಯಾಪಾರದಿಂದ ಬಂದ ನಗದು ಹೋದ ವರ್ಷ 41 ಕೋಟಿ, ಈ ವರ್ಷ ಬರೀ 12 ಕೋಟಿ. ಲಾಭ ಏರಿ ನಗದು ಇಳಿದರೆ, ನಡುವೆ ಎಲ್ಲೋ ದುಡ್ಡು ನಿಂತಿದೆ ಎಂದರ್ಥ. ಎಲ್ಲಿ ಎಂಬುದೂ ಆ ಪಟ್ಟಿಯಲ್ಲೇ ಇರುತ್ತದೆ. ಗಿರಾಕಿಗಳಿಂದ ಬರಬೇಕಾದ ಬಾಕಿ 170 ಕೋಟಿಯಿಂದ 260 ಕೋಟಿಗೆ ಏರಿತ್ತು. 90 ಕೋಟಿ ಅಲ್ಲಿ ಸಿಕ್ಕಿಕೊಂಡಿದೆ. ಕಂಪನಿ ತಾನು ಕೊಡಬೇಕಾದವರಿಗೆ 27 ಕೋಟಿ ಜಾಸ್ತಿ ಬಾಕಿ ಉಳಿಸಿಕೊಂಡಿದ್ದರಿಂದ ಅಷ್ಟಾದರೂ ನಗದು ಕಂಡಿತು. ಇಲ್ಲದಿದ್ದರೆ ಕೈಗೆ ಬಂದದ್ದಕ್ಕಿಂತ ಹೋದದ್ದೇ ಹೆಚ್ಚಾಗುತ್ತಿತ್ತು.

ಮಾಸ್ತರಿಗೆ ಇದನ್ನು ಗಂಜ್‌ನ ಮಾತಿನಲ್ಲೇ ಹೇಳಿದೆ. ಉದ್ರಿ ಕೊಟ್ಟು ತೊಗರಿ ಮಾರಿದವನ ಖಾತೆಯಲ್ಲಿ ಅವತ್ತೇ ಲಾಭ ಕಾಣುತ್ತದೆ, ಗಲ್ಲೆಯಲ್ಲಿ ಮಾತ್ರ ಏನೂ ಇರುವುದಿಲ್ಲ. ಅವರಿಗೆ ತಕ್ಷಣ ತಿಳಿಯಿತು.

ಉದ್ರಿ ಎಷ್ಟು ದಿನದ್ದು ಅಂತ ತಿಳಿಯಲು ಸುಲಭ ಲೆಕ್ಕ: ಬಾಕಿಯನ್ನು ಮಾರಾಟದಿಂದ ಭಾಗಿಸಿ 365ರಿಂದ ಗುಣಿಸುವುದು. ಹೋದ ವರ್ಷ 89 ದಿನ, ಈ ವರ್ಷ 113 ದಿನ. ಇಷ್ಟು ಬದಲಾದರೂ ವರದಿಯಲ್ಲಿ ಒಂದು ಸಾಲಿನ ವಿವರಣೆ ಇರಲಿಲ್ಲ. ಕಾರಣ ಇದೆ. ಮುಖ್ಯ ಅನುಪಾತಗಳು ಶೇ. 25ರಷ್ಟು ಅಥವಾ ಅದಕ್ಕಿಂತ ಹೆಚ್ಚು ಬದಲಾದರೆ ಮಾತ್ರ ಕಂಪನಿ ವಿವರಣೆ ಕೊಡಬೇಕು. ಅವರು ಬಾಕಿಯ ಅನುಪಾತವನ್ನು ವರ್ಷದ ಆರಂಭ ಮತ್ತು ಕೊನೆಯ ಸರಾಸರಿ ಮೇಲೆ ಹಾಕಿದ್ದರು. ಹಾಗೆ ಹಾಕಿದಾಗ ಬದಲಾವಣೆ ಶೇ. 11ರ ಹತ್ತಿರ ಬಂದು ನಿಂತಿತು. ನಿಯಮ ಮುರಿದಿಲ್ಲ, ಆದರೆ ಓದುವವರಿಗೆ ಸುಳಿವೂ ಸಿಗುವುದಿಲ್ಲ. ಅದಕ್ಕೇ ಅವರ ಅನುಪಾತ ನೋಡಿ ಸುಮ್ನೆ ಆಗದೆ, ವರ್ಷದ ಕೊನೆಯ ಬಾಕಿಯಿಂದ ನಾನೇ ದಿನ ಲೆಕ್ಕ ಹಾಕುತ್ತೇನೆ.

ಬಾಕಿ ಜಾಸ್ತಿಯಾದರೆ ಅದು ಮುಳುಗಿತು ಅಂತಲ್ಲ. ಎಷ್ಟು ಹಳೆಯದು ಅನ್ನುವುದು ಮುಖ್ಯ. ಈ ಬಾಕಿಗೆ ವರದಿಯಲ್ಲಿ ಟ್ರೇಡ್ ರಿಸೀವಬಲ್ಸ್ ಅನ್ನುತ್ತಾರೆ. ಅದರ ನೋಟ್‌ನಲ್ಲಿ ಆರು ತಿಂಗಳ ಒಳಗಿನದು, ಒಂದು ವರ್ಷದ ಒಳಗಿನದು, ಎರಡು ವರ್ಷ, ಮೂರು ವರ್ಷ, ಅದಕ್ಕೂ ಹಳೆಯದು ಅಂತ ಬಾಕಿಯನ್ನು ವಿಂಗಡಿಸಿ ಕೊಡುತ್ತಾರೆ. 2021-22ರಿಂದ ಇದು ಕಡ್ಡಾಯ. ಇಲ್ಲಿ ಒಂದು ವರ್ಷ ದಾಟಿದ ಬಾಕಿ 18 ಕೋಟಿಯಿಂದ 52 ಕೋಟಿಗೆ ಏರಿತ್ತು. ಬಾರದೆ ಹೋಗಬಹುದು ಅಂತ ಎತ್ತಿಟ್ಟ ಮೊತ್ತ 6 ಕೋಟಿಯಿಂದ ಬರೀ 9 ಕೋಟಿಗೆ ಏರಿತ್ತು. ಹನಿ ನೀರಾವರಿಯಲ್ಲಿ ಬಹಳ ಮಾರಾಟ ಸರ್ಕಾರದ ಸಬ್ಸಿಡಿ ಮೇಲೆ ನಡೆಯುತ್ತದೆ. ರೈತನ ಪಾಲು ಬೇಗ ಬರುತ್ತದೆ, ಸಬ್ಸಿಡಿ ಪಾಲು ಇಲಾಖೆಯಿಂದ ನಿಧಾನ. ಇಂಥ ಬಾಕಿ ಸಾಮಾನ್ಯವಾಗಿ ಮುಳುಗುವುದಿಲ್ಲ, ತಡವಾಗುತ್ತದೆ. ಆದರೆ ತಡವಾದಷ್ಟೂ ಕಂಪನಿ ಸಾಲ ಮಾಡಿ ಬಡ್ಡಿ ಕಟ್ಟಬೇಕು. ಆಡಿಟರ್ ವರದಿಯಲ್ಲಿ ಆಕ್ಷೇಪ ಇರಲಿಲ್ಲ. ಆದರೂ ತಾವು ಹೆಚ್ಚು ಗಮನ ಕೊಟ್ಟ ವಿಷಯಗಳಲ್ಲಿ ಈ ಬಾಕಿಯನ್ನೇ ಮೊದಲು ಬರೆದಿದ್ದರು.

ಉಳಿದದ್ದು ಬೇಗ ಮುಗಿಯಿತು. 12 ಕೋಟಿ ನಗದು, ಜಾಗ ಮಾರಿ ಬಂದ 20 ಕೋಟಿ, ಹೊಸ ಸಾಲ 35 ಕೋಟಿ. ಇದರಿಂದ ಹೊಸ ಯಂತ್ರಗಳಿಗೆ 40, ಬಡ್ಡಿಗೆ 8, ಡಿವಿಡೆಂಡ್‌ಗೆ ಸುಮಾರು 16 ಕೋಟಿ ಹೋಗಿದೆ. ಒಟ್ಟು ಸಾಲ 60ರಿಂದ 95 ಕೋಟಿ ಆಯಿತು.

ಹಾಳೆಯ ಮೇಲೆ ಕೋಟಿಗಳನ್ನು ಅವರ 200 ಷೇರಿಗೆ ಇಳಿಸಿ ಬರೆದೆ. ಕಂಪನಿಯ ಒಟ್ಟು ಷೇರುಗಳ ಸಂಖ್ಯೆ 6.3 ಕೋಟಿ. "ನಿಮ್ಮ ಪಾಲಿನ ಲಾಭ 2,000 ರೂಪಾಯಿ. ವ್ಯಾಪಾರದಿಂದ ಬಂದ ನಗದಿನಲ್ಲಿ ನಿಮ್ಮ ಪಾಲು 380. ನಿಮಗೆ ಸಿಕ್ಕ ಡಿವಿಡೆಂಡ್ 500." ಅದರ ಕೆಳಗೆ ಜಾಗದ 16 ಕೋಟಿ, 89ರಿಂದ 113 ದಿನ, ವರ್ಷ ದಾಟಿದ 52 ಕೋಟಿ, ಸಾಲ 95 ಕೋಟಿ ಎಂಬ ಸಾಲುಗಳು. ಪ್ರತಿ ಅಂಕಿಯ ಮುಂದೆ ವರದಿಯ ಪುಟ ಸಂಖ್ಯೆ. ಬೇಕಾದರೆ ಅವರೇ ತೆಗೆದು ನೋಡಲಿ ಅಂತ.

ಮಾಸ್ತರು 380 ಮತ್ತು 500 ಎರಡನ್ನೂ ನೋಡಿ, "ಅಂದ್ರ ಏರಿಸದೆ ಇದ್ದದ್ದೇ ಛಲೋ ಆಯ್ತು" ಅಂದರು. ಈಗ ಏನು ಮಾಡಲಿ ಅಂತಲೂ ಕೇಳಿದರು. ಅದಕ್ಕೆ ಹಾಳೆಯ ಕೊನೆಯಲ್ಲಿ ಒಂದೇ ಸಾಲು ಸೇರಿಸಿದೆ: ಸೆಪ್ಟೆಂಬರ್ ಅರ್ಧ ವರ್ಷದ ಫಲಿತಾಂಶ ನವೆಂಬರ್ ಮಧ್ಯದೊಳಗೆ ಬರುತ್ತದೆ, ಅದರಲ್ಲಿ ಟ್ರೇಡ್ ರಿಸೀವಬಲ್ಸ್ 260 ಕೋಟಿಯಿಂದ ಇಳಿದಿದೆಯೇ ನೋಡಿ. ಜೂನ್ ಫಲಿತಾಂಶದಲ್ಲಿ ಹುಡುಕಬೇಡಿ ಎಂದೂ ಹೇಳಿದೆ. ಆ ತ್ರೈಮಾಸಿಕದಲ್ಲಿ ಬ್ಯಾಲೆನ್ಸ್ ಶೀಟ್ ಕೊಡಲೇಬೇಕೆಂಬ ನಿಯಮವಿಲ್ಲ, ಬರೀ ಲಾಭದ ಪಟ್ಟಿ ಇರುತ್ತದೆ.