ಚಿಕ್ಕಪ್ಪನ ಟಿಲ್ಲರ್ ಸಾಲದ ಲೆಕ್ಕ

ತೀರ್ಥಹಳ್ಳಿ ಹತ್ತಿರದ ನಮ್ಮ ಚಿಕ್ಕಪ್ಪ ಟಿಲ್ಲರ್‌ಗೆ 3 ಲಕ್ಷ ಸಾಲ ಮಾಡಿದ್ದರು. ವರ್ಷಕ್ಕೆ ಶೇ. 12 ಬಡ್ಡಿ, 36 ಕಂತು, ತಿಂಗಳಿಗೆ 9,964 ರೂಪಾಯಿ. 12 ಕಂತು ಕಟ್ಟಿದ ಮೇಲೆ ಪೂರ್ತಿ ತೀರಿಸೋಣ ಅಂತ ಕೇಳಿದರೆ ಸಾಲ ಕೊಟ್ಟವರು 2,12,945 ಕೊಡಿ ಅಂದರಂತೆ. 'ಸರಿ ಇದೆಯಾ ನೋಡು ಮಾರಾಯ' ಅಂತ ಕಂತಿನ ಪಟ್ಟಿಯ ಫೋಟೋ ವಾಟ್ಸಾಪ್‌ನಲ್ಲಿ ಕಳಿಸಿದರು. ಮಳೆಗಾಲದ ಥಂಡಿ ಹಿಡಿದ ಕಾಗದ, ನಡುವೆ ಮಡಿಕೆ ಬೇರೆ.

ಬಿಸಿಲಲ್ಲಿ ಹಾಸಿ, ನೇರ ಮೇಲಿಂದ ಇನ್ನೊಂದು ಫೋಟೋ ತೆಗೆಸಿದೆ. ಫೋನಿನ ಎಕ್ಸೆಲ್‌ನಲ್ಲಿ ಚಿತ್ರದಿಂದ ಪಟ್ಟಿ ತೆಗೆಯುವ ಸೌಲಭ್ಯ ಇದೆ, ಅದರಲ್ಲೇ ತೆಗೆದೆ. A ಕಂತಿನ ಸಂಖ್ಯೆ, B ಬಡ್ಡಿ, C ಅಸಲು, D ಬಾಕಿ. D2ರಲ್ಲಿ 300000, ಮೊದಲ ಕಂತು ಮೂರನೇ ಸಾಲಿಗೆ. ಕೆಲವು ಅಂಕಿ ಎಡಕ್ಕೆ ಅಂಟಿಕೊಂಡಿದ್ದವು. ಒಂದೇ ಅಂಕಿಯ ಎರಡೂ ಅಲ್ಪವಿರಾಮ ಚುಕ್ಕಿಯಾಗಿ, ಇಲ್ಲವೇ ಸೊನ್ನೆ O ಅಕ್ಷರವಾಗಿ ಬಂದಿದ್ದರೆ ಹಾಗಾಗುತ್ತದೆ. ಅಂಥದ್ದನ್ನು SUM ಸುಮ್ನೆ ಬಿಟ್ಟು ಕೂಡುತ್ತದೆ, ತಪ್ಪು ಅಂತ ಹೇಳುವುದೂ ಇಲ್ಲ. ಅವನ್ನು ಕೈಯಲ್ಲೇ ತಿದ್ದಿದೆ.

ಆಮೇಲೆ ಪಕ್ಕದ ಮೂರು ಕಾಲಂನಲ್ಲಿ ಇವನ್ನು ಹಾಕಿ ಕೆಳಗಿನವರೆಗೆ ಎಳೆದೆ:

```
=ROUND(D2*12%/12,0)-B3
=D2-C3-D3
=B3+C3-9964
```

ಮೂರೂ ಸೊನ್ನೆ ಬರಬೇಕು. ಮೊದಲ ಕಂತಲ್ಲಿ ಬಡ್ಡಿ 3,000, ಅಸಲು 6,964, ಬಾಕಿ 2,93,036. ಸರಿ. ಎಂಟನೆಯದರಲ್ಲಿ ಎರಡನೇ ಲೆಕ್ಕ 60, ಮೂರನೆಯದು -60 ಅಂತ ಬಂತು. ಮುಂದಿನ ಸಾಲಿನ ಮೊದಲ ಲೆಕ್ಕ ಮಾತ್ರ ಚೊಕ್ಕ. ಅಂದರೆ ಬಾಕಿ ಸರಿ, ಅಸಲು ಓದಿದ್ದು ತಪ್ಪು. ಮಡಿಕೆ ಇದ್ದದ್ದೇ ಅಲ್ಲಿ, 7,466 ಹೋಗಿ 7,406 ಆಗಿತ್ತು. ಒಂಬತ್ತರಲ್ಲಿ ಬಾಕಿ 2,34,758 ಬದಲು 2,84,758 ಬಂದಿತ್ತು. ಬಾಕಿ ತಪ್ಪಾದರೆ ಆ ಸಾಲಿನ ಜೊತೆ ಮುಂದಿನ ಸಾಲೂ ಕೆಡುತ್ತದೆ, ಗುರುತು ಹಿಡಿಯೋದು ಸುಲಭ. ಕೊನೇ ಕಂತಲ್ಲಿ ಹದಿನೈದಿಪ್ಪತ್ತು ರೂಪಾಯಿ ಹೆಚ್ಚುಕಮ್ಮಿ ಬಂದರೆ ತಲೆ ಕೆಡಿಸಿಕೊಳ್ಳಬೇಡಿ, ಪೈಸೆ ಬಿಟ್ಟು ಲೆಕ್ಕ ಹಾಕಿದ್ದರ ಪರಿಣಾಮ ಅದು.

ಹನ್ನೆರಡನೇ ಕಂತಿನ ಬಾಕಿ 2,11,679. ಅವರು ಹೇಳಿದ್ದು ಅದಕ್ಕಿಂತ 1,266 ಜಾಸ್ತಿ! ನಾನೂ ಮೊದಲು ಸಿಟ್ಟಾದೆ. ಆದರೆ ಪಟ್ಟಿಯ ಬಾಕಿ ಕಂತು ಕಟ್ಟಿದ ದಿನದ ಅಸಲು ಅಷ್ಟೇ, ಅಲ್ವಾ? ಕಂತು 5ಕ್ಕೆ, ಚಿಕ್ಕಪ್ಪ ಕೇಳಿದ್ದು 16ಕ್ಕೆ. 2,11,679ಕ್ಕೆ ದಿನಕ್ಕೆ 69.59 ರೂಪಾಯಿ ಬಡ್ಡಿ, 11 ದಿನಕ್ಕೆ 766. ಉಳಿದದ್ದು ಸರಿಯಾಗಿ 500. ಖಾತೆಯ ಸ್ಟೇಟ್‌ಮೆಂಟ್ ತರಿಸಿ ನೋಡಿದರೆ, ಒಂದು ಕಂತು ಬೌನ್ಸ್ ಆಗಿದ್ದಕ್ಕೆ ಹಾಕಿದ ಶುಲ್ಕ. ಪಟ್ಟಿಯಲ್ಲಿ ಇದು ಎಂದೂ ಕಾಣುವುದಿಲ್ಲ.

ಚಿಕ್ಕಪ್ಪನಿಗೆ ಹೇಳಿದೆ. 'ಹೌದು, ಆ ತಿಂಗಳು ಅಡಿಕೆ ದುಡ್ಡು ನಾಲ್ಕು ದಿನ ತಡ ಆಗಿತ್ತು' ಅಂದರು.