ನೀಲಿ ಹೆಚ್ಚಾದ ಬಿಳಿ ಅಂಗಿ

ಕಳೆದ ತಿಂಗಳು ಒಂದು ಶುಕ್ರವಾರ ಸಂಜೆ ಸೊಸೆ ಮೊಮ್ಮಗನ ಬಿಳಿ ಯೂನಿಫಾರಂ ಹಿಡಿದುಕೊಂಡು ನನ್ನ ಕೋಣೆಗೆ ಬಂದಳು. ಶನಿವಾರ ಅವನ ಶಾಲೆಯಲ್ಲಿ ಬಿಳಿ ಬಟ್ಟೆ. "ಅತ್ತೆ, ಇದನ್ನು ಸ್ವಲ್ಪ ನೋಡಿ" ಎಂದು ಮಂಚದ ಮೇಲೆ ಹರಡಿದಳು. ಜೇಬು ಪೂರ್ತಿ ತಿಳಿನೀಲಿ. ಕಾಲರಿನ ಅಂಚಿನಲ್ಲಿ ನೀಲಿ ಗೆರೆ. ಬೆನ್ನಿನ ಮೇಲೆ ಅಂಗೈಯಗಲದ ಮಚ್ಚೆ, ನಡುವೆ ಗಾಢ, ಸುತ್ತಲೂ ಮಸುಕು. ಉಳಿದ ಅಂಗಿ ಬೆಳ್ಳಗೇ ಇತ್ತು. ಅದರಿಂದಾಗಿಯೇ ಮಚ್ಚೆ ಇನ್ನಷ್ಟು ಎದ್ದು ಕಾಣುತ್ತಿತ್ತು.

ಎಷ್ಟು ಹಾಕಿದೆ ಎಂದು ಕೇಳಿದೆ. ಮುಚ್ಚಳದಷ್ಟು ನೀಲಿಯನ್ನು ಮೆಷಿನ್ನಿನೊಳಗೆ ಬಟ್ಟೆಯ ಮೇಲೇ ಸುರಿದಿದ್ದಳಂತೆ. ನಾಲ್ಕು ಹನಿಗೆ ಅಷ್ಟು ಬೆಳ್ಳಗಾಗುವುದಾದರೆ ಒಂದು ಮುಚ್ಚಳಕ್ಕೆ ಎಷ್ಟಾಗಬೇಡ ಎನ್ನುವುದು ಅವಳ ಲೆಕ್ಕ. ನಗು ಬಂತು, ಆದರೆ ನಗಲಿಲ್ಲ. ಮದುವೆಯಾದ ಹೊಸದರಲ್ಲಿ ನಾನೂ ಇದೇ ಲೆಕ್ಕ ಹಾಕಿ ಮಾವನವರ ಪಂಚೆಯೊಂದನ್ನು ಮೋಡ ಕವಿದ ಆಕಾಶದಂತೆ ಮಾಡಿದ್ದೆ.

ನೀಲಿ ಬಟ್ಟೆಯನ್ನು ಶುಚಿ ಮಾಡುವುದಿಲ್ಲ, ಇದನ್ನು ಮೊದಲು ತಿಳಿದುಕೊಳ್ಳಬೇಕು. ಹತ್ತಿಯ ಬಿಳಿ ಬಟ್ಟೆ ಬಳಸುತ್ತ ಹೋದಂತೆ ಬೆವರು, ಮೈಯ ಜಿಡ್ಡು, ಸರಿಯಾಗಿ ಜಾಲಿಸದೆ ಉಳಿದ ಸೋಪು ಎಲ್ಲ ಸೇರಿ ಹಳದಿಗೆ ತಿರುಗುತ್ತದೆ. ಹಳದಿಯಾಗಿ ಕಾಣುವುದೆಂದರೆ, ತನ್ನ ಮೇಲೆ ಬಿದ್ದ ಬೆಳಕಿನಲ್ಲಿರುವ ನೀಲಿಯ ಭಾಗವನ್ನು ಬಟ್ಟೆ ನುಂಗಿಕೊಂಡು ಉಳಿದದ್ದನ್ನು ಮಾತ್ರ ನಮ್ಮ ಕಣ್ಣಿಗೆ ಕಳಿಸುತ್ತಿದೆ ಎಂದರ್ಥ. ಆ ಬಟ್ಟೆಗೆ ಚೂರು ನೀಲಿ ಹಾಕಿದರೆ, ಆ ಬಣ್ಣ ಹಳದಿಯ ಭಾಗವನ್ನು ನುಂಗುತ್ತದೆ. ಎರಡೂ ಕಡೆ ಕಡಿಮೆಯಾಗಿ ತಕ್ಕಡಿ ಸಮವಾದಾಗ ಕಣ್ಣು ಅದನ್ನು ಬಿಳಿ ಎಂದು ಒಪ್ಪಿಕೊಳ್ಳುತ್ತದೆ. ನಿಜ ಹೇಳಬೇಕೆಂದರೆ ಬಟ್ಟೆಯಿಂದ ಬರುವ ಒಟ್ಟು ಬೆಳಕು ಮೊದಲಿಗಿಂತ ಕಡಿಮೆಯೇ ಆಗಿರುತ್ತದೆ. ಹಳದಿ ಸರಿದೂಗುವವರೆಗೆ ಮಾತ್ರ ನೀಲಿಗೆ ಕೆಲಸ. ಅದರಾಚೆಗಿನ ಪ್ರತಿ ಹನಿಯೂ ಬಟ್ಟೆಗೆ ಬಣ್ಣ ಹಾಕಿದಂತೆ, ಜೊತೆಗೆ ಬಟ್ಟೆಯನ್ನು ಮಂಕಾಗಿಸಿದಂತೆ. ನಾಲ್ಕು ಹನಿಗೂ ಮುಚ್ಚಳಕ್ಕೂ ಇರುವ ವ್ಯತ್ಯಾಸ ಇಷ್ಟೇ.

ನನ್ನ ತಾಯಿ ಬಳಸುತ್ತಿದ್ದದ್ದು ನೀಲಿ ಪುಡಿ. ಅದು ಅಲ್ಟ್ರಾಮರೀನ್ ಎಂಬ ವರ್ಣದ್ರವ್ಯ. ಒಂದು ಕಾಲದಲ್ಲಿ ಬೆಲೆಬಾಳುವ ನೀಲಿ ಕಲ್ಲನ್ನು ಅರೆದು ತೆಗೆಯುತ್ತಿದ್ದ ಬಣ್ಣವನ್ನು 1828ರ ಸುಮಾರಿಗೆ ಯುರೋಪಿನಲ್ಲಿ ಕೃತಕವಾಗಿ ತಯಾರಿಸುವ ದಾರಿ ಸಿಕ್ಕಿತು. ಬಳಿಕ ಅದು ಬಟ್ಟೆಯ ಬಕೆಟ್ಟಿಗೂ ಇಳಿಯಿತು. ಈ ಪುಡಿ ನೀರಿನಲ್ಲಿ ಕರಗುವುದಿಲ್ಲ, ಬರೀ ತೇಲುತ್ತದೆ. ಬಿಟ್ಟರೆ ತಳಕ್ಕೆ ಕೂರುತ್ತದೆ. ಅಮ್ಮ ಪುಡಿಯನ್ನು ಹಳೆಯ ಪಂಚೆಯ ತುಂಡಿನಲ್ಲಿ ಗಂಟು ಕಟ್ಟಿ ನೀರಿನಲ್ಲಿ ಅಲ್ಲಾಡಿಸುತ್ತಿದ್ದದ್ದು, ಒಂದೊಂದು ಬಟ್ಟೆ ಅದ್ದುವ ಮುನ್ನವೂ ಕೈಯಿಂದ ನೀರು ಕಲಕುತ್ತಿದ್ದದ್ದು ಇದೇ ಕಾರಣಕ್ಕೆ. ಈಗಿನ ದ್ರವ ನೀಲಿ ಬೇರೆ ಜಾತಿ. ಅದು ನೀರಿನಲ್ಲಿ ಪೂರ್ತಿ ಕರಗುವ, ಸ್ವಲ್ಪ ನೇರಳೆಯ ಕಡೆಗಿರುವ ಬಣ್ಣ. ತಳಕ್ಕೆ ಕೂರುವ ತೊಂದರೆ ಇಲ್ಲ. ಆದರೆ ಸೀಸೆಯಲ್ಲಿ ತುಂಬ ಗಾಢವಾಗಿರುವುದರಿಂದ ನೀರಿನಲ್ಲಿ ಬೆರೆಯುವ ಮೊದಲೇ ಬಟ್ಟೆಗೆ ತಾಗಿದರೆ, ತಾಗಿದ ಕಡೆ ನೂಲು ಅದನ್ನು ಹೀರಿಬಿಡುತ್ತದೆ. ಸೊಸೆ ತಂದ ಅಂಗಿಯ ಬೆನ್ನಿನ ಮಚ್ಚೆ ಹುಟ್ಟಿದ್ದು ಹೀಗೆ.

ಜೇಬು ಮತ್ತು ಕಾಲರಿನದು ಇನ್ನೊಂದು ಬಗೆ. ಅಲ್ಲಿ ಬಟ್ಟೆ ಎರಡು ಮೂರು ಪದರ ಇರುತ್ತದೆ, ಹಿಂಡಿದರೂ ನೀರು ಉಳಿಯುತ್ತದೆ. ಒಣಗುವಾಗ ಅದೇ ನೀರು ಬಣ್ಣವನ್ನು ಅಲ್ಲೇ ಬಿಟ್ಟು ಹೋಗುತ್ತದೆ. ತಂತಿಯ ಮೇಲೆ ತೊಟ್ಟಿಕ್ಕುವ ಪಂಚೆಯ ಕೆಳಗಿನ ಅಂಚು ಮಾತ್ರ ನೀಲಿಯಾಗುವುದನ್ನು ನೀವೂ ನೋಡಿರಬಹುದು. ಸೋಪು ಚೆನ್ನಾಗಿ ಹೋಗದ ಬಟ್ಟೆಯೂ ಹಾಗೆಯೇ. ಬೋರ್‌ವೆಲ್ಲಿನ ಗಡಸು ನೀರಿನಲ್ಲಿ ಸೋಪು ಒಡೆದು ಜಿಡ್ಡಿನಂತೆ ಅಂಟುತ್ತದಲ್ಲ, ನೀಲಿ ಅದನ್ನು ಹಿಡಿದು ಕೂರುತ್ತದೆ. ಗಂಜಿಗೆ ನೀಲಿ ಬೆರೆಸುವವರ ಮನೆಯಲ್ಲಿ ಗಂಜಿಯ ಗಂಟೇ ಈ ಕೆಲಸ ಮಾಡುತ್ತದೆ. ಗಂಜಿಯನ್ನು ಸೋಸಿ, ತೆಳುವಾಗಿ ನೀರಿನಲ್ಲಿ ಕದಡಿದ ಮೇಲೆ ನೀಲಿ ಹಾಕಿ.

ನನ್ನ ಕ್ರಮ ಇದು. ಬಟ್ಟೆ ಒಗೆದು, ಜಾಲಿಸಿದ ನೀರು ತಿಳಿಯಾಗುವವರೆಗೆ ಜಾಲಿಸಿ, ಹಿಂಡಿ ಒಂದು ಕಡೆ ಇಡುತ್ತೇನೆ. ಬೇರೆ ಬಕೆಟ್ಟಿನಲ್ಲಿ ಸುಮಾರು ಹತ್ತು ಲೀಟರ್ ನೀರು. ಒಂದು ಚೊಂಬು ನೀರಿಗೆ ಮೊದಲು ನಾಲ್ಕು ಹನಿ ಬಿಟ್ಟು ಕಲಕಿ, ಆ ಚೊಂಬನ್ನು ಬಕೆಟ್ಟಿಗೆ ಸುರಿದು ಮತ್ತೆ ಕಲಕುತ್ತೇನೆ. ಆಮೇಲೆ ಬೊಗಸೆಯಲ್ಲಿ ನೀರು ಎತ್ತಿ ನೋಡುತ್ತೇನೆ. ನೀರಿನಲ್ಲಿ ನೀಲಿ ಇದೆಯೋ ಇಲ್ಲವೋ ಎಂದು ಒಂದು ಕ್ಷಣ ಅನುಮಾನ ಬರಬೇಕು. ಥಟ್ಟನೆ ನೀಲಿ ಎಂದು ಹೇಳುವಂತಿದ್ದರೆ ಇನ್ನೊಂದು ಚೊಂಬು ನೀರು ಬೀಳಬೇಕು ಎಂದರ್ಥ. ಬಟ್ಟೆ ಒದ್ದೆಯಾಗಿರಬೇಕು. ಒಣ ಬಟ್ಟೆ ಮುಳುಗಿಸಿದರೆ ಮೊದಲು ಮುಳುಗಿದ ಕಡೆ ಹೆಚ್ಚು ಕುಡಿಯುತ್ತದೆ. ಮಡಿಕೆ ಬಿಡಿಸಿ, ಒಂದೊಂದಾಗಿ ಅದ್ದಿ, ಎರಡು ಮೂರು ಬಾರಿ ಮೇಲೆ ಕೆಳಗೆ ಆಡಿಸಿ ತೆಗೆಯುತ್ತೇನೆ. ನೆನೆಹಾಕಿ ಫೋನಿಗೆ ಹೋಗುವಂತಿಲ್ಲ. ಒಣಗಿಸುವಾಗ ಅಂಗಿಯನ್ನು ಹ್ಯಾಂಗರಿಗೆ ಹಾಕಿ ಜೇಬನ್ನು ಕೈಯಿಂದ ಒತ್ತಿ ಹಿಂಡುತ್ತೇನೆ. ರೇಷ್ಮೆ, ಉಣ್ಣೆ, ನೈಲಾನ್ ಬಟ್ಟೆಗೆ ದ್ರವ ನೀಲಿ ಹಾಕುವುದೇ ಇಲ್ಲ. ಈ ಬಗೆಯ ಬಣ್ಣಗಳು ಹತ್ತಿಯನ್ನು ಅಷ್ಟು ಗಟ್ಟಿಯಾಗಿ ಹಿಡಿಯದಿದ್ದರೂ ಆ ಬಟ್ಟೆಗಳನ್ನು ಹಿಡಿದರೆ ಬಿಡುವುದು ಕಷ್ಟ.

ಇನ್ನು ಒಗೆಯುವ ಪುಡಿಯಲ್ಲಿ ನಮಗೆ ಗೊತ್ತಿಲ್ಲದೆ ಸೇರಿರುವ ಹೊಳಪಿನ ಪದಾರ್ಥದ ಮಾತು. ಇದರ ದಾರಿ ನೀಲಿಯದಕ್ಕೆ ತದ್ವಿರುದ್ಧ. ನೀಲಿ ಹಳದಿಯ ಬೆಳಕನ್ನು ಕಡಿಮೆ ಮಾಡಿದರೆ, ಇದು ನೀಲಿ ಬೆಳಕನ್ನು ಸೇರಿಸುತ್ತದೆ. ಬಿಸಿಲಿನಲ್ಲಿ ಕಣ್ಣಿಗೆ ಕಾಣದ ನೇರಳಾತೀತ ಕಿರಣಗಳಿರುತ್ತವೆ. ಈ ಪದಾರ್ಥ ಅವನ್ನು ಹೀರಿ ಕಾಣುವ ನೀಲಿ ಬೆಳಕಾಗಿ ಹೊರಬಿಡುತ್ತದೆ. ಹೊಸ ಬನಿಯನ್ ಬಿಸಿಲಿನಲ್ಲಿ ಕಣ್ಣು ಕುಕ್ಕುವುದು ಇದರಿಂದಲೇ. ನಂಬಿಕೆ ಬಾರದಿದ್ದರೆ ಅಂಗಡಿಯಲ್ಲಿ ನೋಟು ಪರೀಕ್ಷಿಸುವ ನೇರಳೆ ದೀಪದ ಕೆಳಗೆ ನಿಮ್ಮ ಬಿಳಿ ತೋಳನ್ನು ಹಿಡಿಯಿರಿ. ಅಸಲಿ ನೋಟಿನ ಕಾಗದ ಮಂಕಾಗಿಯೇ ಇದ್ದು, ಸಂಖ್ಯೆಗಳು ಮತ್ತು ಸಣ್ಣ ಎಳೆಗಳು ಮಾತ್ರ ಹೊಳೆಯುತ್ತವೆ. ಅಂಗಿಯ ತೋಳು ಟ್ಯೂಬ್‌ಲೈಟಿನಂತೆ ಉರಿಯುತ್ತದೆ. ನೋಟಿನ ಕಾಗದಕ್ಕೆ ಈ ಪದಾರ್ಥ ಹಾಕುವುದಿಲ್ಲ.

ಇದರಲ್ಲೂ ಅತಿಯಾದರೆ ಕೆಡುಕೇ. ಬಟ್ಟೆಯ ಮೇಲೆ ಪದರ ಪದರವಾಗಿ ಸೇರಿದಾಗ ಹೊಳಪು ಹೆಚ್ಚುವುದು ನಿಂತು ಬಟ್ಟೆಗೆ ತಿಳಿ ಹಸಿರು ಛಾಯೆ ಬರುತ್ತದೆ. ಬಿಳಿಗಿಂತ ಕೆನೆಬಣ್ಣದ ಬಟ್ಟೆಗೆ ತೊಂದರೆ ಹೆಚ್ಚು. ನಮ್ಮ ಮನೆಯವರ ಕೆನೆಬಣ್ಣದ ಖಾದಿ ಜುಬ್ಬದ ಮೇಲೆ ಒಮ್ಮೆ ಒಗೆಯುವ ಪುಡಿ ನೇರವಾಗಿ ಬಿದ್ದು ಒದ್ದೆಯಲ್ಲೇ ಕೂತಿತ್ತು. ಒಣಗಿದ ಮೇಲೆ ಮನೆಯೊಳಗೆ ಏನೂ ಕಾಣಲಿಲ್ಲ. ದೇವಸ್ಥಾನದ ಅಂಗಳದ ಬಿಸಿಲಿಗೆ ಹೋಗಿ ನಿಂತಾಗ ಎದೆಯ ಮೇಲೆ ಬೆಳ್ಳನೆಯ ತೇಪೆ! ಗುರುತು ಹಿಡಿಯುವ ದಾರಿ ಇದೇ. ಮನೆಯೊಳಗೂ ಹೊರಗೂ ಒಂದೇ ಸಮ ಕಂಡರೆ ಅದು ನೀಲಿಯ ಮಚ್ಚೆ. ಎಲ್‌ಇಡಿ ಬಲ್ಬಿನ ಕೆಳಗೆ ಮಾಯವಾಗಿ ಬಿಸಿಲಿಗೆ ಎದ್ದು ಬಂದರೆ ಹೊಳಪಿನ ಪದಾರ್ಥದ್ದು. ಇದು ನೂಲಿಗೆ ಅಂಟಿರುವುದರಿಂದ ಒಗೆತಕ್ಕೆ ಸುಲಭವಾಗಿ ಹೋಗುವುದಿಲ್ಲ. ಬಿಸಿಲಿನಲ್ಲಿ ಮೆಲ್ಲಮೆಲ್ಲಗೆ ಮಾಸುತ್ತದೆ, ಅಷ್ಟೇ. ಜುಬ್ಬದ ತೇಪೆ ಮಾಸಲು ಒಂದು ಬೇಸಿಗೆಯೇ ಬೇಕಾಯಿತು. ಕೆನೆ, ತಿಳಿ ಗುಲಾಬಿಯಂಥ ಬಣ್ಣದ ಬಟ್ಟೆಗಳಿಗೆ ಈ ಪದಾರ್ಥವಿಲ್ಲದ ಸಾಬೂನು ಒಳ್ಳೆಯದು. ಪುಡಿಯನ್ನಂತೂ ಯಾವಾಗಲೂ ನೀರಿನಲ್ಲಿ ಕರಗಿಸಿಯೇ ಹಾಕಬೇಕು.

ಸೊಸೆಯ ಅಂಗಿಗೆ ಬರುತ್ತೇನೆ. ಅವಳು ಆಗಲೇ ಬ್ಲೀಚಿನ ಸೀಸೆ ಹುಡುಕುತ್ತಿದ್ದಳು. ಬೇಡ ಎಂದೆ. ಮೊದಲು ಇಸ್ತ್ರಿ ಹಾಕದೆ ಅಂಗಿಯನ್ನು ಬರೀ ನೀರಿನಲ್ಲಿ ಮೂರು ಬಾರಿ ಜಾಲಿಸಿದೆವು. ಮೊದಲ ನೀರಿಗೇ ನೀಲಿ ಬಿಟ್ಟಿತು, ಹಾಗಾದರೆ ಇನ್ನೂ ಬಿಡುತ್ತದೆ ಎಂಬ ಧೈರ್ಯ ಬಂತು. ನಂತರ ಅರ್ಧ ಬಕೆಟ್ ಉಗುರುಬೆಚ್ಚಗಿನ ನೀರಿಗೆ ಎರಡು ಚಮಚ ಒಗೆಯುವ ಪುಡಿ ಕರಗಿಸಿ ಅಂಗಿಯನ್ನು ಪೂರ್ತಿ ಮುಳುಗಿಸಿ ರಾತ್ರಿ ಬಿಟ್ಟೆವು. ಮಚ್ಚೆಯ ಜಾಗವನ್ನಷ್ಟೇ ಉಜ್ಜಬಾರದು, ಉಜ್ಜಿದರೆ ಅಲ್ಲಿ ಬೆಳ್ಳಗಾಗಿ ಸುತ್ತ ಉಂಗುರ ಉಳಿಯುತ್ತದೆ. ಬೆಳಿಗ್ಗೆ ಬೆನ್ನಿನ ಮಚ್ಚೆ ಹೋಗಿತ್ತು, ಜೇಬು ಮುಕ್ಕಾಲು ಭಾಗ ತಿಳಿಯಾಗಿತ್ತು. ಜೇಬನ್ನು ಒಳಹೊರಗೆ ಮಾಡಿ ಇನ್ನೊಮ್ಮೆ ನೆನೆಸಿದೆವು.

ಇದೇ ಹಳೆಯ ನೀಲಿ ಪುಡಿಯ ಮಚ್ಚೆಯಾಗಿದ್ದರೆ ವಿನೆಗರ್ ಸಾಕಿತ್ತು. ಒಂದು ಪಾಲು ವಿನೆಗರ್, ಐದು ಪಾಲು ನೀರು, ಒಂದು ಗಂಟೆ. ಅಲ್ಟ್ರಾಮರೀನಿಗೆ ಹುಳಿ ಕಂಡರೆ ಆಗುವುದಿಲ್ಲ, ಬಣ್ಣ ಕಳಚಿಕೊಳ್ಳುತ್ತದೆ. ಸಣ್ಣಗೆ ಕೊಳೆತ ಮೊಟ್ಟೆಯ ವಾಸನೆ ಬಂದರೆ ಗಾಬರಿ ಬೇಡ, ಕಿಟಕಿ ತೆರೆದಿಡಿ. ಆದರೆ ವಿನೆಗರ್ ಹಾಕಿದ ಬಕೆಟ್ಟಿಗೆ ಬ್ಲೀಚ್ ಎಂದೂ ಸೇರಿಸಬೇಡಿ. ಎರಡೂ ಕೂಡಿದರೆ ಕ್ಲೋರಿನ್ ಅನಿಲ ಏಳುತ್ತದೆ, ಬಚ್ಚಲಿನಂಥ ಇಕ್ಕಟ್ಟಿನ ಜಾಗದಲ್ಲಿ ಅದು ಎದೆಗೆ ಹತ್ತುತ್ತದೆ.

ಆ ಶನಿವಾರ ಮೊಮ್ಮಗ ಹೋದ ವರ್ಷದ, ತೋಳು ಗಿಡ್ಡವಾದ ಅಂಗಿ ತೊಟ್ಟು ಮುಖ ಊದಿಸಿಕೊಂಡು ಶಾಲೆಗೆ ಹೋದ. ಮುಂದಿನ ವಾರಕ್ಕೆ ಈ ಅಂಗಿ ಸಿದ್ಧವಾಗಿತ್ತು. ಜೇಬಿನ ಒಳಹೊಲಿಗೆಯಲ್ಲಿ ಮಾತ್ರ ಎಳೆಯಷ್ಟು ನೇರಳೆ ಉಳಿದಿದೆ. ಅದು ಪೆನ್ನಿನ ಕಲೆ ಎಂದು ತಿಳಿದು, ನಾವು ಕೇಳುವ ಮೊದಲೇ "ಅಜ್ಜಿ, ಅದು ನಾನಲ್ಲ" ಎಂದ.