ಹಿಡಿದುಕೊಂಡ ಡ್ರಮ್ ಪುಲ್ಲಿಯನ್ನು ಒಡೆಯದೆ ಬಿಚ್ಚಿದ ನನ್ನ ಅನುಭವ

ಫ್ರಂಟ್ ಲೋಡ್ ವಾಷಿಂಗ್ ಮಷಿನ್‌ನ ಬೇರಿಂಗ್ ಬದಲಿಸುವ ಕೆಲಸದಲ್ಲಿ ನಮ್ಮ ಮೆಕ್ಯಾನಿಕ್‌ಗಳನ್ನು ಹೆಚ್ಚು ಕಾಡುವುದು ಬೇರಿಂಗ್ ಅಲ್ಲ, ಅದಕ್ಕಿಂತ ಮೊದಲು ಕೈಗೆ ಸಿಗುವ ಅಲ್ಯೂಮಿನಿಯಂ ಪುಲ್ಲಿ. ಗಂಗಾವತಿ, ಕಾರಟಗಿ ಕಡೆ ಬೋರ್‌ವೆಲ್ ನೀರಿನಲ್ಲಿ ನಡೆಯುವ ಮಷಿನ್‌ಗಳಲ್ಲಿ ಆಯಿಲ್ ಸೀಲ್ ಸೋರತೊಡಗಿದ ಮೇಲೂ ಮನೆಯವರು ಶಬ್ದವನ್ನು ತಡೆದುಕೊಂಡು ಆರು ತಿಂಗಳು, ವರ್ಷ ಓಡಿಸುತ್ತಾರೆ. ಆ ಸೋಪಿನ ನೀರು ಬೇರಿಂಗ್ ದಾಟಿ ಶಾಫ್ಟ್ ಗುಂಟ ಹಿಂದಕ್ಕೆ ಬಂದು ಪುಲ್ಲಿಯ ನಡುವಿನ ಹಬ್‌ನೊಳಗೆ ಇಳಿಯುತ್ತದೆ. ಉಕ್ಕಿನ ಶಾಫ್ಟ್ ಮತ್ತು ಅಲ್ಯೂಮಿನಿಯಂ ಹಬ್ ನಡುವೆ ನೀರು ನಿಂತರೆ ಅಲ್ಯೂಮಿನಿಯಂ ಸವೆದು ಬಿಳಿ ಪುಡಿಯಾಗಿ ಉಬ್ಬಿ ಎರಡನ್ನೂ ಒಂದಕ್ಕೊಂದು ಹಿಡಿಸಿಬಿಡುತ್ತದೆ. ಹಬ್‌ನ ಅಂಚಿನಲ್ಲಿ ಸುಣ್ಣದಂತೆ ಬಿಳಿ ಪುಡಿ ಕಂಡರೆ ಆ ಪುಲ್ಲಿ ಕೈಯಿಂದ ಬರುವುದಿಲ್ಲವೆಂದು ಮೊದಲೇ ಲೆಕ್ಕ ಹಾಕಬೇಕು.

ನಾನು ಹೇಳುತ್ತಿರುವುದು ಶಾಲಾ ಶಿಕ್ಷಕಿಯೊಬ್ಬರ ಮನೆಯ ಏಳು ಕಿಲೋ ಮಷಿನ್ ಕಥೆ. ಅದಕ್ಕೆ ಎಂಟು ವರ್ಷ ಆಗಿದ್ದಿರಬಹುದು. ಇನ್ನೊಂದು ಊರಿನ ಮೆಕ್ಯಾನಿಕ್ ಒಬ್ಬರು ಮೊದಲೇ ಬಂದು ಪುಲ್ಲಿಯ ಮೇಲೆ ಸುತ್ತಿಗೆ ಆಡಿಸಿ ಕೈಬಿಟ್ಟಿದ್ದರು. ಅವರು ಹೊಸ ಪುಲ್ಲಿ, ಡ್ರಮ್‌ನ ಹಿಂದೆ ಶಾಫ್ಟ್ ಹಿಡಿದಿರುವ ಸ್ಪೈಡರ್ ಹೊಸದು, ಬೇರಿಂಗ್ ಕಿಟ್ ಮತ್ತು ಕೂಲಿ ಸೇರಿಸಿ ಏಳೂವರೆ ಸಾವಿರದ ಆಸುಪಾಸು ಹೇಳಿದ್ದರಂತೆ. "ಅಣ್ಣಾರ, ಅಷ್ಟು ರೊಕ್ಕ ಹಾಕಿದ್ರ ಹಳೇ ಮಷಿನ್ ಯಾಕ ಬೇಕು, ಹೊಸಾದs ತಗೋತೀವಿ" ಎಂದರು ಶಿಕ್ಷಕಿ. ಮಾತು ನ್ಯಾಯವಾದದ್ದೇ. ಡ್ರಮ್ ಬಾಗಿಲಿನಿಂದ ಟಾರ್ಚ್ ಹಿಡಿದು, ಕೈಯಿಂದ ಎತ್ತಿ ಅಲುಗಾಡಿಸಿ ನೋಡಿದಾಗ ಸ್ಪೈಡರ್ ಗಟ್ಟಿಯಾಗಿಯೇ ಇದ್ದಂತೆ ಕಂಡಿತು. ಪುಲ್ಲಿಯೊಂದು ಉಳಿದರೆ ಬೇರಿಂಗ್, ಸೀಲ್ ಖರ್ಚಿನಲ್ಲಿ ಕೆಲಸ ಮುಗಿಯುತ್ತಿತ್ತು. ಆ ಮಾದರಿಯ ಪುಲ್ಲಿ ಹುಬ್ಬಳ್ಳಿಯಲ್ಲಿ ಸಿಗಲಿಲ್ಲ, ಬೆಂಗಳೂರಿನಿಂದ ತರಿಸಿದರೆ ಸಾಗಣೆ ಸೇರಿ ಸಾವಿರದ ಐನೂರರ ಮೇಲೆ, ಅದೂ ಹದಿನೈದು ದಿನ ಕಾದ ಮೇಲೆ.

ಮೊದಲು ಮಾಡಿದ್ದು ಎಲ್ಲರೂ ಮಾಡುವುದನ್ನೇ. ಬೆಲ್ಟ್ ತೆಗೆದು, ಪುಲ್ಲಿಯ ಕಡ್ಡಿಗೂ ಟಬ್‌ಗೂ ನಡುವೆ ಕಟ್ಟಿಗೆ ತುಂಡು ಕೊಟ್ಟು ತಿರುಗದಂತೆ ನಿಲ್ಲಿಸಿ ನಡುವಿನ ಬೋಲ್ಟ್ ಬಿಚ್ಚಿದೆ. ತುಕ್ಕೆಣ್ಣೆ ಹೊಡೆದು ರಾತ್ರಿ ಹಾಗೆಯೇ ಬಿಟ್ಟೆ. ಮರುದಿನ ಅಂಗಡಿಯಲ್ಲಿ ಸಿಗುವ ಮೂರು ಕಾಲಿನ ನಾಲ್ಕಿಂಚಿನ ಪುಲ್ಲರ್ ಹಾಕಲು ಹೋದರೆ ಅದರ ಕಾಲಿನ ಕೊಕ್ಕೆ ಹಬ್‌ನ ಹಿಂದೆ ಹೋಗುವುದೇ ಇಲ್ಲ. ಹಬ್‌ಗೂ ಬೇರಿಂಗ್ ಮನೆಗೂ ನಡುವೆ ಇರುವುದು ಎಂಟು ಮಿ.ಮೀ. ಸಂದು, ಕೊಕ್ಕೆಯ ದಪ್ಪ ಹತ್ತಕ್ಕೂ ಹೆಚ್ಚು. ಕಾಲನ್ನು ಕಡ್ಡಿಗಳಿಗೆ ಸಿಕ್ಕಿಸಿ ಎಳೆದಾಗ ಪುಲ್ಲಿ ಬರುವ ಬದಲು ಅದರ ಅಂಚು ಮುಂದಕ್ಕೆ ಬಾಗತೊಡಗಿತು. ಮಾರ್ಕರ್‌ನಿಂದ ಟಬ್‌ಗೂ ಅಂಚಿಗೂ ನಡುವಿನ ಅಳತೆ ಗುರುತು ಹಾಕಿಕೊಂಡಿದ್ದರಿಂದ ಅದು ತಕ್ಷಣ ಗೊತ್ತಾಯಿತು. ಅಂಚಿನ ಅಳತೆ ಹೆಚ್ಚುತ್ತಿದ್ದು ಹಬ್‌ನ ಅಳತೆ ಇದ್ದಲ್ಲೇ ಇದ್ದರೆ ಪುಲ್ಲಿ ಬರುತ್ತಿಲ್ಲ, ಮುರಿಯಲು ತಯಾರಾಗುತ್ತಿದೆ ಎಂದರ್ಥ. ಎರಕದ ಅಲ್ಯೂಮಿನಿಯಂ ಮುನ್ಸೂಚನೆ ಕೊಟ್ಟು ಮುರಿಯುವುದಿಲ್ಲ.

ಪುಲ್ಲರ್‌ನ ಕಾಲುಗಳನ್ನು ಗ್ರೈಂಡರ್‌ನಲ್ಲಿ ತೆಳುವಾಗಿಸಿದವರೂ ಇದ್ದಾರೆ. ನಾನೂ ಹಳೆಯ ಪುಲ್ಲರ್ ಒಂದನ್ನು ಆರು ಮಿ.ಮೀ.ಗೆ ಇಳಿಸಿ ನೋಡಿದೆ. ಸಂದಿನಲ್ಲಿ ಹೋಯಿತು, ಆದರೆ ಬಲ ಬಿದ್ದ ಕೂಡಲೇ ಕೊಕ್ಕೆಗಳು ಅಗಲವಾಗಿ ಜಾರಿದವು. ಗ್ಯಾಸ್ ಟಾರ್ಚ್ ಸಲಹೆಯನ್ನು ಬಹಳ ಜನ ಕೊಟ್ಟರು. ಅಲ್ಯೂಮಿನಿಯಂ ಕಬ್ಬಿಣದಂತೆ ಕೆಂಪಾಗಿ ಎಚ್ಚರಿಸುವುದಿಲ್ಲ, ಬಣ್ಣ ಬದಲಿಸದೆಯೇ 660 ಡಿಗ್ರಿಯೊಳಗೇ ಕರಗಿಬಿಡುತ್ತದೆ, ಹಿಂದೆ ಪ್ಲಾಸ್ಟಿಕ್ ಟಬ್ ಇದೆ ಎಂಬುದನ್ನೂ ಮರೆಯಬಾರದು. ಕಡ್ಡಿ ಕರಗಿ ಜೋತುಬಿದ್ದ ಪುಲ್ಲಿಯನ್ನು ನಾನು ಗುಜರಿ ಅಂಗಡಿಯಲ್ಲಿ ಕಣ್ಣಾರೆ ಕಂಡಿದ್ದೇನೆ.

ನಮ್ಮ ಊರಿನ ಅಕ್ಕಿ ಗಿರಣಿಯಲ್ಲಿ ಮೂವತ್ತು ವರ್ಷ ಫಿಟ್ಟರ್ ಆಗಿದ್ದ ಹಿರಿಯರೊಬ್ಬರಿಗೆ ಶಿಕ್ಷಕಿಯ ಮಷಿನ್‌ನ ಪುಲ್ಲಿಯನ್ನು ತೋರಿಸಿದೆ. "ತಮ್ಮಾ, ಗಿರಣಿ ಪುಲ್ಲಿ ಬೀಡಿಂದು, ಎಳೀಬಹುದು. ಇದು ಹಿಡದೈತಿ, ಪುಲ್ಲರಿಗೆ ಬರೂದಲ್ಲ. ಕೊಯ್ದು ತಗಿ" ಎಂದರು. ಆದರೂ ಗಿರಣಿಯ ದೊಡ್ಡ ಪುಲ್ಲಿಗಳನ್ನು ಅವರು ಎಳೆಯುವ ಕ್ರಮವನ್ನು ನಾನು ನೋಡಿದ್ದರಿಂದಲೇ ದಾರಿ ಸಿಕ್ಕಿತು. ಅವರು ಅಂಚನ್ನು ಎಂದೂ ಮುಟ್ಟುವುದಿಲ್ಲ, ಹಬ್‌ನ ಹಿಂದೆ ಪಟ್ಟಿ ಕೊಟ್ಟು ಎಳೆಯುತ್ತಾರೆ. ಅದನ್ನೇ ಚಿಕ್ಕದಾಗಿ ಮಾಡಿಕೊಂಡರೆ ಸಾಕು ಅನ್ನಿಸಿತು.

ಲೇತ್ ಅಂಗಡಿಯಲ್ಲಿ ಆರು ಮಿ.ಮೀ. ದಪ್ಪದ ಕಬ್ಬಿಣದ ಪ್ಲೇಟಿನ ಸುಮಾರು ನಾಲ್ಕಿಂಚು ಚೌಕದ ತುಂಡಿಗೆ ಒಂದು ಬದಿಯಿಂದ ಮಧ್ಯದವರೆಗೆ ಶಾಫ್ಟ್ ಕೂರುವಂತೆ ಸೀಳು ಹಾಕಿಸಿದೆ. ಶಾಫ್ಟ್ 25 ಮಿ.ಮೀ. ಇದ್ದರೆ ಸೀಳಿನ ಅಗಲ 27 ಸಾಕು. ಪ್ಲೇಟನ್ನು ಬದಿಯಿಂದ ಹಬ್‌ನ ಹಿಂದೆ ತೂರಿಸಿದರೆ ಅದು ಹಬ್‌ನ ಹಿಂಬದಿಗೆ ಎರಡೂ ಕಡೆಯಿಂದ ಆತುಕೊಳ್ಳುತ್ತದೆ. ಪ್ಲೇಟಿನ ಎರಡು ಭುಜಗಳಲ್ಲಿ ಶಾಫ್ಟ್‌ನ ನಡುವಿನಿಂದ ಮೂರೂವರೆ ಸೆಂಟಿಮೀಟರ್ ದೂರಕ್ಕೆ ತೂತು ಹೊಡೆಸಿ ಹತ್ತರ ಬೋಲ್ಟ್‌ಗಳನ್ನು ಕಡ್ಡಿಗಳ ನಡುವಿನ ಖಾಲಿ ಜಾಗದಿಂದ ಮುಂದಕ್ಕೆ ತಂದೆ. ಮುಂದೆ ದಪ್ಪ ಅಡ್ಡಪಟ್ಟಿ, ಅದರ ನಡುವೆ ಹಳೆಯ ಪುಲ್ಲರ್‌ನ ಸ್ಕ್ರೂ. ಬೋಲ್ಟ್‌ಗಳು ಹಬ್‌ಗೆ ಆದಷ್ಟು ಹತ್ತಿರವಿರಬೇಕು, ದೂರವಾದಷ್ಟೂ ಪ್ಲೇಟ್ ಬಾಗುತ್ತದೆ. ಲೇತ್ ಕೂಲಿ, ಪ್ಲೇಟು ಸೇರಿ ಮುನ್ನೂರೈವತ್ತು ಕೊಟ್ಟ ನೆನಪು. ಅದೇ ಸಲಕರಣೆ ಈಗ ನನ್ನ ಬಳಿ ಮೂರನೆಯ ವರ್ಷ ನಡೆಯುತ್ತಿದೆ.

ಸಲಕರಣೆಗಿಂತಲೂ ಮುಖ್ಯವಾದದ್ದು ಸ್ಕ್ರೂವಿನ ಮೊನೆ ಎಲ್ಲಿ ಒತ್ತಬೇಕು ಎಂಬುದು. ಬೋಲ್ಟ್ ತೆಗೆದ ತೂತಿನ ಅಂಚಿನ ಮೇಲೆ ಒತ್ತಿದರೆ ಶಾಫ್ಟ್‌ನ ತುದಿ ಹರಡಿ ಪುಲ್ಲಿ ಇನ್ನಷ್ಟು ಬಿಗಿಯಾಗುತ್ತದೆ, ಒಳಗಿನ ಹಲ್ಲೂ ಹಾಳಾಗುತ್ತದೆ. ಹಳೆಯ ಬೋಲ್ಟನ್ನೇ ಸ್ವಲ್ಪ ಹೊರಗೆ ಬಿಟ್ಟು ಅದರ ತಲೆಯ ಮೇಲೆ ಒತ್ತುವುದು ರೂಢಿಯಲ್ಲಿದೆ, ಹಗುರಾಗಿ ಹಿಡಿದ ಪುಲ್ಲಿಗೆ ಅದು ಸಾಕು. ಗಟ್ಟಿಯಾಗಿ ಹಿಡಿದದ್ದಕ್ಕೆ ಹಾಗೆ ಮಾಡಿದರೆ ಪೂರ್ತಿ ಬಲ ಹಲ್ಲುಗಳ ಮೇಲೆಯೇ ಬೀಳುತ್ತದೆ. ಆದ್ದರಿಂದ ನಾನು ತೂತಿನ ಆಳವನ್ನು ವರ್ನಿಯರ್‌ನ ಕಡ್ಡಿಯಿಂದ ಅಳೆದು, ಅದೇ ಹಲ್ಲಿನ ಹೈ ಟೆನ್ಸೈಲ್ ಬೋಲ್ಟಿನ ತಲೆ ಕೊಯ್ದು, ತಳ ಮುಟ್ಟಿದ ಮೇಲೂ ನಾಲ್ಕೈದು ಮಿ.ಮೀ. ಹೊರಗೆ ಉಳಿಯುವಂತೆ ಸ್ಟಡ್ ಮಾಡಿಕೊಂಡೆ. ಸ್ಟಡ್ ತಳಕ್ಕೆ ಆತುಕೊಂಡಿರುವುದರಿಂದ ಒತ್ತಡ ನೇರ ಶಾಫ್ಟ್‌ಗೆ ಹೋಗುತ್ತದೆ, ಹಲ್ಲುಗಳಿಗೆ ಕೆಲಸವೇ ಇರುವುದಿಲ್ಲ. ಅದರ ಹೊರ ತುದಿಯಲ್ಲಿ ಡ್ರಿಲ್‌ನಿಂದ ಚಿಕ್ಕ ಕುಳಿ ತೆಗೆದು ಹಳೆ ಬೇರಿಂಗಿನ ಒಂದು ಗುಂಡು ಇಟ್ಟರೆ ಸ್ಕ್ರೂ ಅತ್ತಿತ್ತ ಜಾರುವುದಿಲ್ಲ.

ಇನ್ನು ಎಳೆಯುವ ಕ್ರಮ. ಸ್ಕ್ರೂವಿನ ಹಲ್ಲಿಗೆ ಗ್ರೀಸ್ ಹಚ್ಚಿ, ಎರಡೂ ಬೋಲ್ಟ್ ಸಮನಾಗಿರುವುದನ್ನು ಸ್ಕೇಲಿನಿಂದ ನೋಡಿಕೊಂಡು, ಒಂದಡಿ ಹಿಡಿಕೆಯ ಪಾನಾದಿಂದ ಒಂದು ಕೈಯ ಬಲದಷ್ಟು ಬಿಗಿದೆ. ಅಷ್ಟಕ್ಕೇ ಒಂದು ಟನ್ನಿಗೂ ಹೆಚ್ಚು ಎಳೆತ ಬಿದ್ದಿರುತ್ತದೆ, ಪೈಪ್ ಹಾಕಿ ಇನ್ನಷ್ಟು ಬಿಗಿಯುವ ಆಸೆ ಬೇಡ. ಅಲ್ಲಿಗೆ ನಿಲ್ಲಿಸಿ ಟಬ್‌ಗೆ ಒದ್ದೆ ಗೋಣಿಚೀಲ, ಅದರ ಮೇಲೆ ತಗಡು ಕಟ್ಟಿ, ಹೀಟ್ ಗನ್‌ನಿಂದ ಹಬ್‌ಗೆ ಮಾತ್ರ ಸುತ್ತ ತಿರುಗಿಸುತ್ತ ಕಾವು ಕೊಟ್ಟೆ. ನೀರಿನ ಹನಿ ಹಾಕಿದರೆ ಚುರ್ ಎಂದು ಹಾರಬೇಕು, ಅದಕ್ಕಿಂತ ಹೆಚ್ಚು ಬೇಕಾಗಿಲ್ಲ. ಅಲ್ಯೂಮಿನಿಯಂ ಉಕ್ಕಿನ ಸುಮಾರು ಎರಡರಷ್ಟು ಹಿಗ್ಗುತ್ತದೆ. 25 ಮಿ.ಮೀ. ತೂತಿನಲ್ಲಿ 80 ಡಿಗ್ರಿ ಏರಿದರೆ ಸಿಗುವ ಸಡಿಲ ಒಂದು ಮಿ.ಮೀ.ನ ನೂರರಲ್ಲಿ ಎರಡು ಪಾಲು ಮಾತ್ರ, ಆದರೆ ಎಳೆತ ಮೊದಲೇ ಕೂತಿದ್ದರೆ ಅಷ್ಟು ಸಾಕು. ಕಾವು ಕೊಟ್ಟು ಆಮೇಲೆ ಪುಲ್ಲರ್ ಹುಡುಕಿದರೆ ಅಷ್ಟರಲ್ಲಿ ಶಾಫ್ಟೂ ಕಾದಿರುತ್ತದೆ.

ಕಾವು ಏರಿದ ಮೇಲೆ ಸ್ಕ್ರೂವಿನ ತಲೆಗೆ ಅರ್ಧ ಕಿಲೋ ಸುತ್ತಿಗೆಯಿಂದ ನೇರವಾಗಿ ಒಂದೇ ಪೆಟ್ಟು. ಮತ್ತೆ ಕಾಲು ಸುತ್ತು ಬಿಗಿತ, ಮತ್ತೊಂದು ಪೆಟ್ಟು. ಹೀಗೆ ನಡೆದಾಗ ಒಂದು ಹಂತದಲ್ಲಿ "ಟಕ್" ಎಂದು ಒಡೆದ ಸದ್ದು ಬಂತು. ಪಾನಾ ಹಗುರಾಯಿತು, ಹಬ್‌ನ ಅಂಚಿನಿಂದ ಬಿಳಿ ಪುಡಿ ಉದುರಿತು. ಆ ಸದ್ದು ಕೇಳಿ ಪುಲ್ಲಿ ಮುರಿಯಿತೆಂದು ಹೊಸಬರು ಗಾಬರಿಯಾಗುತ್ತಾರೆ. ಪುಲ್ಲಿ ಬಿಟ್ಟಿದ್ದರೆ ಹಬ್‌ನ ಗುರುತು ಸರಿದಿರುತ್ತದೆ, ಮುರಿದಿದ್ದರೆ ಅಂಚು ಒಂದೆಡೆ ವಾಲಿರುತ್ತದೆ. ಹಬ್ ಅರ್ಧ ಮಿ.ಮೀ. ಸರಿದ ಮೇಲೂ ಅವಸರ ಮಾಡದೆ ಎಣ್ಣೆ ಬಿಟ್ಟು ಒಂದೆರಡು ಸುತ್ತು ಹಿಂದಕ್ಕೂ ಸಡಿಲಿಸಿ ಎಳೆದರೆ ಪುಡಿ ನಡುವೆ ಸಿಕ್ಕಿ ಮತ್ತೆ ಹಿಡಿಯುವುದಿಲ್ಲ. ನಾನು ಬಳಸುವ ಎಣ್ಣೆಯ ಮಿಶ್ರಣ ನನ್ನದೇ, ಅದರ ಪ್ರಮಾಣವನ್ನು ಇಲ್ಲಿ ಬರೆಯುವುದಿಲ್ಲ. ಅದು ಇಲ್ಲದೆಯೂ ಈ ಕೆಲಸ ಆಗುತ್ತದೆ, ಹೊತ್ತು ಹೆಚ್ಚು ಹಿಡಿಯುತ್ತದೆ ಅಷ್ಟೇ.

ಪುಲ್ಲಿ ಇಡಿಯಾಗಿ ಕೈಗೆ ಬಂತು. ಫಿಟ್ಟರ್ ಹಿರಿಯರು ಅದನ್ನು ತಿರುಗಿಸಿ ಮುರುಗಿಸಿ ನೋಡಿ "ಕೊಯ್ಯಲಾರದs ತಗದಿಯಲ್ಲೋ" ಎಂದದ್ದು ನನಗೆ ಕೂಲಿಗಿಂತ ಹೆಚ್ಚಿನದಾಯಿತು. ಬೇರಿಂಗ್ ಎರಡು, ಸೀಲ್ ಒಂದು ಸೇರಿ ಸಾವಿರದ ಮುನ್ನೂರು, ನನ್ನ ಕೂಲಿ ಸಾವಿರದ ಎಂಟುನೂರು, ಒಟ್ಟು ಮೂರು ಸಾವಿರ ಚಿಲ್ಲರೆಯಲ್ಲಿ ಮಷಿನ್ ಓಡಿತು. ಜೋಡಿಸುವಾಗ ಶಾಫ್ಟನ್ನು ಎಮರಿ ಪಟ್ಟಿಯಿಂದ ತಿಕ್ಕಿ, ಹಬ್‌ನೊಳಗಿನ ಬಿಳಿ ಪದರವನ್ನು ಚಾಕುವಿನಿಂದ ಕೆರೆಯದೆ ತಂತಿ ಬ್ರಷ್‌ನಿಂದ ತೆಗೆದು, ಗ್ರೀಸನ್ನು ತೆಳುವಾಗಿ ಸವರಿದೆ. ಬೋಲ್ಟಿಗೆ ಗ್ರೀಸ್ ತಾಗಬಾರದು, ಅದಕ್ಕೆ ಥ್ರೆಡ್ ಲಾಕ್ ಬೇಕು.

ಸೆಮಿ ಆಟೋಮ್ಯಾಟಿಕ್ ಮಷಿನ್‌ನ ತಳದಲ್ಲಿ ತಿರುಗುವ ಪಲ್ಸೇಟರ್ ಮೇಲೂ ಇದನ್ನೇ ಮಾಡಬಹುದೇ ಎಂದು ನೋಡಿದೆ. ಅದು ಪ್ಲಾಸ್ಟಿಕ್ ಆದ್ದರಿಂದ ಎಂಥ ಪುಲ್ಲರ್ ಹಾಕಿದರೂ ಅಂಚು ಸೀಳುತ್ತದೆ. ಅಲ್ಲಿ ಹಿಡಿದಿರುವುದು ಬಹುತೇಕ ಗಡಸು ನೀರಿನ ಉಪ್ಪು, ಹೀಗಾಗಿ ಸ್ಕ್ರೂ ತೆಗೆದು ಬಿಸಿ ನೀರಿನಲ್ಲಿ ನಿಂಬೆ ಉಪ್ಪು ಕರಗಿಸಿ ಒಂದೆರಡು ತಾಸು ನಿಲ್ಲಿಸಿ, ಎದುರುಬದುರು ಎರಡು ನವಾರ ಪಟ್ಟಿ ತೂರಿಸಿ ಇಬ್ಬರು ನೇರ ಮೇಲಕ್ಕೆ ಎತ್ತಿದರೆ ಬರುತ್ತದೆ. ಅದೇ ನಿಂಬೆ ಉಪ್ಪನ್ನು ಅಲ್ಯೂಮಿನಿಯಂ ಪುಲ್ಲಿಗೆ ಹಾಕಿ ನೋಡಿದಾಗ ಏನೂ ಪ್ರಯೋಜನವಾಗಲಿಲ್ಲ.

ಈ ಪ್ಲೇಟಿಗೂ ಮಿತಿ ಇದೆ. ಹಿಂದಿನ ಸಂದು ಆರು ಮಿ.ಮೀ.ಗಿಂತ ಕಡಿಮೆ ಇದ್ದರೆ ಅದು ಒಳಗೆ ಹೋಗುವುದಿಲ್ಲ, ತೆಳು ಪ್ಲೇಟ್ ಹಾಕಿದರೆ ಭುಜ ಬಾಗುತ್ತದೆ. ಎರಡು ಸಲ ಕಾವು ಕೊಟ್ಟ ಮೇಲೂ ಸ್ಕ್ರೂ ಬಿಗಿಯಾಗುತ್ತಲೇ ಹೋಗಿ ಹಬ್ ಸರಿಯದಿದ್ದರೆ, ಅಥವಾ ಹಿಂದಿನವರ ಸುತ್ತಿಗೆಯಿಂದ ಕಡ್ಡಿ ಬುಡದಲ್ಲಿ ಕೂದಲೆಳೆಯ ಬಿರುಕು ಕಂಡರೆ, ನಾನು ಗಿರಾಕಿಗೆ ಪುಲ್ಲಿಯ ಬೆಲೆ ಹೇಳಿ, ಒಪ್ಪಿದ ಮೇಲೆ ಹಬ್‌ಗೆ ಶಾಫ್ಟ್‌ನವರೆಗೆ ಹೋಗದಂತೆ ಗ್ರೈಂಡರ್ ಸೀಳು ಹಾಕಿ ಉಳಿಯಿಂದ ಬಿರಿಸಿ ತೆಗೆಯುತ್ತೇನೆ.